ಹತ್ತಿ ಹಿಂಡಿ ಹೆಡ್ಜ್: 20 ಲಾಟ್ ಅಲ್ಲ, 12 ಸಾಕಿತ್ತು

ಯಾದಗಿರಿಯ ನಮ್ಮ ಗೋದಾಮಿನಲ್ಲಿ 200 ಟನ್ ಹತ್ತಿ ಹಿಂಡಿ ಇತ್ತು. ದರ ಬಿದ್ದರೆ ನಷ್ಟ ಸರಿದೂಗಲಿ ಎಂದು ಫ್ಯೂಚರ್ಸ್‌ನಲ್ಲಿ 10 ಟನ್ನಿನ 20 ಲಾಟ್ ಮಾರಿಟ್ಟೆ. ಆದರೂ ಲಾಭ ನಷ್ಟದ ಏರಿಳಿತ ನಿಲ್ಲಲಿಲ್ಲ.

ಮೊದಲು ನಮ್ಮೂರಿನ ದರ, ಫ್ಯೂಚರ್ಸ್ ದರ ಎರಡರ ಕೋರಿಲೇಶನ್ ತೆಗೆದೆ. ತುಂಬಾ ಜಾಸ್ತಿ ಬಂತು. ಎರಡೂ ವರ್ಷವಿಡೀ ಒಟ್ಟಿಗೆ ಏರಿದ್ದರಿಂದ ಬಂದದ್ದು ಅದು, ಉಪಯೋಗವಿಲ್ಲ. ದಿನದ ಬದಲಾವಣೆ ಹಾಕಿದೆ, ತೀರಾ ಕಡಿಮೆ ಬಂತು. ಇಲ್ಲಿ ವ್ಯಾಪಾರ ಇಲ್ಲದ ದಿನ ಹಳೇ ದರವೇ ಸುಮ್ನೆ ಮುಂದುವರಿಯುತ್ತದೆ ಅಲ್ವಾ?

ಸರಿಹೋಗಿದ್ದು ವಾರದ ಬದಲಾವಣೆಯಿಂದ. ಪ್ರತಿ ಶುಕ್ರವಾರದ ದರ, 52 ವಾರ. B ಕಾಲಮ್‌ನಲ್ಲಿ ನಮ್ಮೂರಿನ ದರದ ಬದಲಾವಣೆ, C ಯಲ್ಲಿ ಫ್ಯೂಚರ್ಸ್‌ನದು. ಕಾಂಟ್ರಾಕ್ಟ್ ಬದಲಾದ ವಾರ ಹೊಸ ಕಾಂಟ್ರಾಕ್ಟ್ ದರದಿಂದ ಹಳೆಯದರ ದರ ಕಳೆಯಬಾರದು. ಒಂದೇ ಕಾಂಟ್ರಾಕ್ಟ್‌ನ ಎರಡು ದರ ಬೇಕು.

```
=CORREL(B2:B53,C2:C53)*STDEV(B2:B53)/STDEV(C2:C53)
```

ಕೋರಿಲೇಶನ್ 0.8. ವಾರದ ಏರಿಳಿತ, ಅಂದರೆ STDEV, ಕ್ವಿಂಟಲ್‌ಗೆ ನಮ್ಮದು 45 ರೂಪಾಯಿ, ಫ್ಯೂಚರ್ಸ್‌ನದು 60. ಸ್ಟಾಕಿನಲ್ಲಿ ಹೆಡ್ಜ್ ಮಾಡಬೇಕಾದ ಅನುಪಾತ 0.6, ಅಂದರೆ 120 ಟನ್, 12 ಲಾಟ್. `=SLOPE(B2:B53,C2:C53)` ಕೂಡ ಇದನ್ನೇ ಕೊಡಬೇಕು. 1.07 ಬಂದರೆ ಕಾಲಮ್ ಅದಲುಬದಲಾಗಿದೆ.

ಹೆಡ್ಜ್ ಇಲ್ಲದೆ ಏರಿಳಿತ 45 ರೂಪಾಯಿ, 20 ಲಾಟ್‌ಗೆ 36, 12 ಲಾಟ್‌ಗೆ 27. ಆ 27 ಉಳಿದೇ ಉಳಿಯುತ್ತದೆ. ಲಾಟ್ ಹೆಚ್ಚಿಸಿದರೂ ತಗ್ಗಿಸಿದರೂ ಅದಕ್ಕಿಂತ ಕೆಳಗಿಳಿಯದು. ನಾನು ಮೂರು ತಿಂಗಳಿಗೊಮ್ಮೆ ಲೆಕ್ಕ ಹೊಸದಾಗಿ ಹಾಕುತ್ತೇನೆ.