ನಿನ್ನೆ ಎಷ್ಟು ಪ್ರೊಟೀನ್ ತಿಂದಿರಿ? ಕ್ಯಾನು ಹೇಳುತ್ತದೆ

ಮಲ್ಪೆ ಕಡೆಯವರು, 52 ವರ್ಷ, 60 ಕಿಲೊ ತೂಕ. ಕಿಡ್ನಿ ಸೋತಿದೆ, ಆದರೆ ಡಯಾಲಿಸಿಸ್‌ವರೆಗೆ ಹೋಗಿಲ್ಲ. ಕಿಲೊ ತೂಕಕ್ಕೆ 0.8 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 48 ಗ್ರಾಂ ಪ್ರೊಟೀನ್ ಸಾಕು ಎಂದು ಹೇಳಿ ಕಳಿಸಿದ್ದೆ. ಮೂರು ತಿಂಗಳು ಬಿಟ್ಟು ಬಂದವರು, "ಎರಡು ಹೊತ್ತೂ ಕುಚ್ಚಲಕ್ಕಿ ಗಂಜಿ ಮೇಡಂ, ಮೀನು ವಾರಕ್ಕೊಮ್ಮೆ ಮಾತ್ರ" ಎಂದರು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಕಿಟಕಿಯ ಕಡೆ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ನಾವು ಡಯಟಿಷಿಯನ್‌ಗಳು ವಾದಕ್ಕೆ ಇಳಿಯುವುದಿಲ್ಲ, 24 ಗಂಟೆಯ ಮೂತ್ರ ಸಂಗ್ರಹಿಸಿ ತರಲು ಹೇಳುತ್ತೇವೆ.

ಪ್ರೊಟೀನಿನ ತೂಕದಲ್ಲಿ ಸುಮಾರು ಶೇ 16 ಭಾಗ ಸಾರಜನಕ. ತಿಂದ ಪ್ರೊಟೀನು ದೇಹದಲ್ಲಿ ಒಡೆದಾಗ ಅದರ ಸಾರಜನಕವನ್ನು ಲಿವರ್ ಯೂರಿಯಾ ಮಾಡುತ್ತದೆ, ಅದು ಹೆಚ್ಚಾಗಿ ಮೂತ್ರದಲ್ಲೇ ಹೊರಬೀಳುತ್ತದೆ. ತೂಕ ಏರಿಳಿಯದೆ, ರಕ್ತದ ಯೂರಿಯಾ ಒಂದೇ ಮಟ್ಟದಲ್ಲಿ ಇರುವವರಲ್ಲಿ ಒಳಹೋದ ಸಾರಜನಕವೂ ಹೊರಬಂದದ್ದೂ ಹೆಚ್ಚುಕಡಿಮೆ ಸಮ.

ಮೊದಲ ಹೆಜ್ಜೆ ಸಂಗ್ರಹ. ಲೆಕ್ಕ ಕೆಡುವುದೂ ಹೆಚ್ಚಾಗಿ ಅಲ್ಲೇ. ಬೆಳಿಗ್ಗೆ 6 ಗಂಟೆಗೆ ಎದ್ದು ಮಾಡಿದ ಮೂತ್ರವನ್ನು ಚೆಲ್ಲಬೇಕು, ಅದು ಹಿಂದಿನ ರಾತ್ರಿಯದು. ಆಮೇಲಿನದೆಲ್ಲ ಕ್ಯಾನಿಗೆ. ಮರುದಿನ 6 ಗಂಟೆಯದನ್ನು ಸೇರಿಸಿ ಮುಚ್ಚಳ ಹಾಕಿದರೆ ಮುಗಿಯಿತು. ನಮ್ಮ ಕರಾವಳಿಯ ಸೆಕೆಗೆ ಕ್ಯಾನನ್ನು ಹೊರಗಿಟ್ಟರೆ ಬ್ಯಾಕ್ಟೀರಿಯಾ ಯೂರಿಯಾವನ್ನು ಅಮೋನಿಯಾ ಮಾಡಿಬಿಡುತ್ತವೆ, ಅಂಕಿ ಇಳಿಯುತ್ತದೆ. ಫ್ರಿಜ್ಜಿನಲ್ಲಿ ಇಡಲು ಮನೆಯವರು ಒಪ್ಪುವುದಿಲ್ಲ, ಅವರ ಸಂಕಟವೂ ಅರ್ಥವಾಗುತ್ತದೆ. ಐಸ್ ಹಾಕಿದ ಬಕೆಟ್ ಆದರೂ ಸಾಕು.

ನಮ್ಮವರ ಕ್ಯಾನಿನಲ್ಲಿ 1.2 ಲೀಟರ್ ಇತ್ತು. ಯೂರಿಯಾ ನೈಟ್ರೋಜನ್ ಡೆಸಿಲೀಟರಿಗೆ 390 ಮಿಲಿಗ್ರಾಂ. 12 ಡೆಸಿಲೀಟರಿಗೆ ಗುಣಿಸಿದರೆ ಇಡೀ ದಿನಕ್ಕೆ 4.68 ಗ್ರಾಂ. ಮುಂದಿನದು 1985ರಲ್ಲಿ ಮರೋನಿ ಮತ್ತು ಜೊತೆಗಾರರು ಕೊಟ್ಟ ಸೂತ್ರ:

ಪ್ರೊಟೀನ್ (ಗ್ರಾಂ) = 6.25 × (ಮೂತ್ರದ ಯೂರಿಯಾ ನೈಟ್ರೋಜನ್ + 0.031 × ದೇಹತೂಕ)

100ನ್ನು 16ರಿಂದ ಭಾಗಿಸಿದರೆ ಬರುವುದೇ 6.25. ಮಲದಲ್ಲಿ ಹೋಗುವ ಸಾರಜನಕಕ್ಕೆ, ಮೂತ್ರದಲ್ಲೇ ಯೂರಿಯಾ ಅಲ್ಲದ ರೂಪದಲ್ಲಿ ಹೋಗುವುದಕ್ಕೆ 0.031ರ ಭಾಗ, 60 ಕಿಲೊಗೆ ಅದು 1.86 ಗ್ರಾಂ. ಕಾಲು ಊದಿಕೊಂಡಿದ್ದರೆ ನೀರಿನ ಭಾರ ಬಿಟ್ಟ ತೂಕ ಹಾಕಬೇಕು. ಒಟ್ಟು 6.54 ಗ್ರಾಂ, ಗುಣಿಸಿದರೆ ಸುಮಾರು 41 ಗ್ರಾಂ ಪ್ರೊಟೀನ್. ಹೇಳಿದ್ದಕ್ಕಿಂತಲೂ ಕಡಿಮೆ! ಅವರ ಮುಖ ಅರಳಿತು.

ಆದರೆ ಅದೇ ಕ್ಯಾನಿನ ಕ್ರಿಯಾಟಿನಿನ್ ನೋಡದೆ ಈ ಅಂಕಿಯನ್ನು ನಂಬಬಾರದು. ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ, ಅದೇ ಮನುಷ್ಯನಲ್ಲಿ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ಗಂಡಸರಲ್ಲಿ ಸಾಮಾನ್ಯವಾಗಿ ಕಿಲೊಗೆ 20ರಿಂದ 25 ಮಿಲಿಗ್ರಾಂ, ಹೆಂಗಸರಲ್ಲಿ 15ರಿಂದ 20; ವಯಸ್ಸಾದಂತೆ, ಸ್ನಾಯು ಕರಗಿದಂತೆ ಇನ್ನೂ ಕಡಿಮೆ. ಇವರದ್ದು 660 ಮಿಲಿಗ್ರಾಂ, ಕಿಲೊಗೆ 11. ಎಲ್ಲೋ ಸೋರಿದೆ. ಕೇಳಿದೆ. "ಮಧ್ಯಾಹ್ನ ಉಡುಪಿಗೆ ಹೋಗಿದ್ದೆ, ಬಸ್‌ಸ್ಟ್ಯಾಂಡಿಗೆ ಕ್ಯಾನು ಹೊತ್ತುಕೊಂಡು ಹೋಗ್ಲಿಕ್ಕೆ ಆಗ್ತದಾ ಮೇಡಂ?"

ಭಾನುವಾರ ಮನೆಯಲ್ಲೇ ಇದ್ದು ಮತ್ತೊಮ್ಮೆ ಹಿಡಿದರು. 1.8 ಲೀಟರ್, ಕ್ರಿಯಾಟಿನಿನ್ 1,080 ಮಿಲಿಗ್ರಾಂ, ಕಿಲೊಗೆ 18. ಅವರ ಮೈಕಟ್ಟಿಗೆ ಒಪ್ಪುವ ಅಂಕಿ. ಈ ಸಲ ಲ್ಯಾಬ್ ಬೇರೆ, ವರದಿಯಲ್ಲಿ ಇದ್ದದ್ದು ಬರೀ 'ಯೂರಿಯಾ', ಡೆಸಿಲೀಟರಿಗೆ 857. ದಿನಕ್ಕೆ 15.4 ಗ್ರಾಂ. ಇದನ್ನೇ ಸೂತ್ರಕ್ಕೆ ಹಾಕಿದರೆ ಉತ್ತರ 108 ಗ್ರಾಂ ಬರುತ್ತದೆ, ಪಾಪದ ಮನುಷ್ಯ ಬೈಸಿಕೊಳ್ಳುತ್ತಾನೆ. ಯೂರಿಯಾದ ತೂಕದಲ್ಲಿ ಸಾರಜನಕ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಮೊದಲು 2.14ರಿಂದ ಭಾಗಿಸಬೇಕು. ಆಗ 7.2 ಗ್ರಾಂ. 1.86 ಕೂಡಿಸಿ 6.25ರಿಂದ ಗುಣಿಸಿದರೆ ಸುಮಾರು 57 ಗ್ರಾಂ, ಕಿಲೊಗೆ 0.94.

48ಕ್ಕೂ 57ಕ್ಕೂ ಅಂತರ 9 ಗ್ರಾಂ. 100 ಗ್ರಾಂ ಮೀನಿನ ಮಾಂಸದಲ್ಲಿ 20 ಗ್ರಾಂ ಹತ್ತಿರ ಪ್ರೊಟೀನ್ ಇರುವುದರಿಂದ ಇದು ಅರ್ಧ ಬಂಗುಡೆಯ ಮಾತು. ಕಿಟಕಿ ನೋಡುತ್ತಿದ್ದವರು ಆಗ ಬಾಯಿಬಿಟ್ಟರು: "ಪುಳಿಮುಂಚಿ ಮಾಡಿದ ದಿನ ಊಟಕ್ಕೆ ಒಂದೇ ತುಂಡು. ಆದ್ರೆ ಪುಳಿಮುಂಚಿ ಹೆಚ್ಚುಕಡಿಮೆ ದಿನಾ ಉಂಟು."

ಒಂದು ಕ್ಯಾನು ಹೇಳುವುದು ಆ ದಿನದ ಆಸುಪಾಸಿನ ಊಟವನ್ನು ಮಾತ್ರ. ಹಿಂದಿನ ದಿನ ಮದುವೆಯ ಕೋರಿ ರೊಟ್ಟಿ ತಿಂದಿದ್ದರೆ ಅದೂ ಸೇರಿಕೊಳ್ಳುತ್ತದೆ. ಜ್ವರ, ಆಪರೇಷನ್, ಸ್ಟೆರಾಯ್ಡ್ ಮಾತ್ರೆ ಇದ್ದಾಗ ದೇಹ ತನ್ನದೇ ಸ್ನಾಯು ಕರಗಿಸಿ ಯೂರಿಯಾ ಮಾಡುತ್ತದೆ. ಆಗ ಬರುವ ಅಂಕಿ ತಿಂದದ್ದರದ್ದಲ್ಲ. ಮೂತ್ರದಲ್ಲಿ ದಿನಕ್ಕೆ 5 ಗ್ರಾಂಗಿಂತ ಹೆಚ್ಚು ಪ್ರೊಟೀನ್ ಸೋರುತ್ತಿದ್ದರೆ ಅದನ್ನೂ ಕೂಡಿಸಬೇಕು. ಡಯಾಲಿಸಿಸ್ ಶುರುವಾದವರಿಗೆ ಲೆಕ್ಕವೇ ಬೇರೆ. ನಮ್ಮವರಿಗೆ ಮೀನಿನ ತುಂಡನ್ನು ಅರ್ಧ ಮಾಡಿಸಿ ಮುಂದಿನ ತಿಂಗಳು ಇನ್ನೊಂದು ಕ್ಯಾನು ಹೇಳಿದ್ದೇನೆ, ಅದೂ ಭಾನುವಾರವೇ.