ಎಸ್‌ಎಸ್‌ಡಿ ಒಳಗೆ, ಹಾರ್ಡ್ ಡಿಸ್ಕ್ ಹೊರಗೆ

ನಿಧಾನವಾದ ಹಳೇ ಲ್ಯಾಪ್‌ಟಾಪ್ ಚುರುಕಾಗಲು 1 ಟಿಬಿ ಎಸ್‌ಎಸ್‌ಡಿಯೇ ಕೊಳ್ಳಬೇಕಿಲ್ಲ. 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಮತ್ತು ಆಫೀಸ್ ಕೆಲಸ ಅದರಲ್ಲಿರಲಿ. ಬಿಚ್ಚಿದ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿದರೆ ಮನೆಯ ಫೋಟೋಗಳಿಗೆ ಜಾಗ ಸಿಕ್ಕಿತು. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಅಲ್ಲಲ್ಲಿಂದ ಓದುತ್ತದೆ. ಹಾರ್ಡ್ ಡಿಸ್ಕಿನ ಮುಳ್ಳು ಪ್ರತಿಯೊಂದಕ್ಕೂ ಓಡಾಡಬೇಕು, ಅಲ್ಲೇ ತಡ. ಎಸ್‌ಎಸ್‌ಡಿಯಲ್ಲಿ ಓಡಾಡುವ ಮುಳ್ಳೇ ಇಲ್ಲ, ಅದಕ್ಕೇ ವೇಗ. ಫೋಟೋ ಸುಮ್ನೆ ಇಡುವುದಕ್ಕೆ ಆ ವೇಗ ಯಾಕೆ, ಅಲ್ವಾ? ಆದರೆ ಮೊದಲು Task Manager ತೆರೆದು ನೋಡಿ. Disk ಸದಾ 100% ಇದ್ದರೆ ಎಸ್‌ಎಸ್‌ಡಿಯಿಂದ ಲಾಭ ಇದೆ. Memory ತುಂಬಿ ತುಳುಕುತ್ತಿದ್ದರೆ ರ‍್ಯಾಮ್ ಹೆಚ್ಚಿಸದೆ ಗತಿಯಿಲ್ಲ. ಡಿಸ್ಕಿನ ಆರೋಗ್ಯ ತೋರಿಸುವ CrystalDiskInfo ತಂತ್ರಾಂಶ ಹಾರ್ಡ್ ಡಿಸ್ಕಿಗೆ Caution ತೋರಿಸಿದರೆ, ಅಥವಾ ಟಿಕ್ ಟಿಕ್ ಸದ್ದು ಬಂದರೆ, ಆ ಡಿಸ್ಕನ್ನು ನಂಬಬೇಡಿ. ಬಿಚ್ಚುವ ಮೊದಲೇ ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿ. ಡಿಸ್ಕ್ ಚೆನ್ನಾಗಿದ್ದರೂ ಇನ್ನೊಂದು ಪ್ರತಿ ಬೇಕೇ ಬೇಕು. ಕಾರವಾರ, ಕುಮಟಾ ಕಡೆಯ ಮಳೆಗಾಲದ ಥಂಡಿಗೆ ಕಪಾಟಿನ ಚಪ್ಪಲಿಗೇ ಬೂಷ್ಟು ಬರುತ್ತದೆ. ಹಾಗಾಗಿ ಡಿಸ್ಕನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಬಳಸುವಾಗ ಅಲುಗಾಡಿಸಬೇಡಿ.