ಹತ್ತು ಜನ ಸೇರದ ಕಾರ್ಯಾಗಾರ: ರದ್ದತಿ ಸೂಚನೆ ಬರೆದ ಬಗೆ

ಕಾರ್ಯಾಗಾರ ರದ್ದಾಗಿದೆ ಎಂಬ ಪತ್ರದಲ್ಲಿ ಓದುವವರು ಹುಡುಕುವುದು ಎರಡೇ ಸಂಗತಿ: ಭಾನುವಾರ ಬರಬೇಕೋ ಬೇಡವೋ, ಕಟ್ಟಿದ ದುಡ್ಡು ಯಾವತ್ತು ಕೈಸೇರುತ್ತದೆ. ಮೊದಲನೆಯದಕ್ಕೆ ಒಂದು ವಾಕ್ಯ ಸಾಕು. ಎರಡನೆಯದಕ್ಕೆ ಉತ್ತರ ಬರೆಯುವ ಮುನ್ನ ಪಂಚಾಂಗ, ಬ್ಯಾಂಕು, ಆನ್‌ಲೈನಿನಲ್ಲಿ ಕಟ್ಟಿದ ಹಣವನ್ನು ನಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಮೂರನ್ನೂ ನೋಡಬೇಕಾಗುತ್ತದೆ. 2024ರ ನವೆಂಬರ್ 17ಕ್ಕೆ ಬಸವನಗುಡಿಯ ಸಭಾಂಗಣವೊಂದರಲ್ಲಿ ನಾವು ಇಟ್ಟುಕೊಂಡಿದ್ದ ಪುಸ್ತಕ ಬೈಂಡಿಂಗ್ ಕಾರ್ಯಾಗಾರವನ್ನು ಕೈಬಿಟ್ಟಾಗ ನಾನು ಇದನ್ನೆಲ್ಲ ಹೇಗೆ ನಿಭಾಯಿಸಿದೆ ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಮೈಸೂರಿನಿಂದ ಬರುವ ಬೈಂಡಿಂಗ್ ಮೇಷ್ಟ್ರ ಗೌರವಧನ ಹತ್ತು ಸಾವಿರ, ಸಭಾಂಗಣದ ಬಾಡಿಗೆ ಆರು ಸಾವಿರ, ಸಾಮಾನು ಸಾಗಿಸುವುದು, ಕಾಫಿ ತಿಂಡಿ ಸೇರಿ ಎರಡು ಸಾವಿರ. ಒಬ್ಬರು ಬಂದರೂ ಹದಿನಾರು ಜನ ಬಂದರೂ ಈ ಹದಿನೆಂಟು ಸಾವಿರ ತಪ್ಪುವುದಿಲ್ಲ. ಶುಲ್ಕ 2,500 ರೂಪಾಯಿ. ಅದರಲ್ಲಿ ರಟ್ಟು, ಕ್ಯಾಲಿಕೊ ಬಟ್ಟೆ, ದಾರ, ಕಾಗದಕ್ಕೆ ತಲಾ 600 ಹೋಗುತ್ತದೆ. ಗೇಟ್‌ವೇಯವರು ಶೇಕಡಾ 2ರಂತೆ 50 ರೂಪಾಯಿ, ಅದರ ಮೇಲೆ ಜಿಎಸ್‌ಟಿ 9 ರೂಪಾಯಿ ಹಿಡಿದುಕೊಳ್ಳುತ್ತಾರೆ. ಉಳಿಯುವುದು 1,841. ಹದಿನೆಂಟು ಸಾವಿರವನ್ನು ಅದರಿಂದ ಭಾಗಿಸಿದರೆ ಹತ್ತಕ್ಕೆ ಸ್ವಲ್ಪ ಕಡಿಮೆ. ಕನಿಷ್ಠ ಹತ್ತು ಮಂದಿ ಎಂದು ನೋಂದಣಿ ಪುಟದಲ್ಲೇ ಹಾಕಿದ್ದು ಈ ಲೆಕ್ಕದ ಮೇಲೆ. ಹತ್ತು ದುಂಡಗಿನ ಸಂಖ್ಯೆ ಎಂದು ಆರಿಸಿಕೊಂಡದ್ದಲ್ಲ.

ನವೆಂಬರ್ 11ರ ಸೋಮವಾರ ಸಂಜೆಗೆ ನೋಂದಣಿ ಆರರಲ್ಲಿ ನಿಂತಿತ್ತು. ನಡೆಸಿದರೆ ಸುಮಾರು ಏಳು ಸಾವಿರ ಕೈಯಿಂದ ಹೋಗುತ್ತದೆ. ಬೆಂಗಳೂರಿನ ಜನ ಕೊನೆಯ ಎರಡು ದಿನದಲ್ಲಿ ಹೆಸರು ಕೊಡುತ್ತಾರೆ, ಗುರುವಾರದವರೆಗೆ ಕಾಯೋಣ ಎಂದು ನನ್ನ ಜೊತೆಗಾರ್ತಿ ವಾದಿಸಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಸಭಾಂಗಣದವರ ನಿಯಮದಂತೆ ಐದು ದಿನ ಮೊದಲೇ ತಿಳಿಸಿದರೆ ಅರ್ಧ ಬಾಡಿಗೆ ವಾಪಸ್, ಆಮೇಲೆ ಏನೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಆರು ಜನರಲ್ಲಿ ಒಬ್ಬರು ಹುಬ್ಬಳ್ಳಿಯಿಂದ ಶನಿವಾರ ರಾತ್ರಿಯ ರೈಲಿಗೆ ಸ್ಲೀಪರ್ ಟಿಕೆಟ್ ಮಾಡಿಸಿದ್ದರು. ರೈಲು ಹೊರಡುವ 48 ಗಂಟೆಗೆ ಮೊದಲು ರದ್ದು ಮಾಡಿದರೆ ಖಚಿತವಾದ ಸ್ಲೀಪರ್ ಟಿಕೆಟ್ಟಿನಲ್ಲಿ ಕಡಿತವಾಗುತ್ತಿದ್ದುದು 120 ರೂಪಾಯಿ. ಅದು ದಾಟಿದರೆ ದರದ ಕಾಲುಭಾಗ, ಹನ್ನೆರಡು ಗಂಟೆಯಿಂದ ನಾಲ್ಕು ಗಂಟೆ ಮೊದಲಿನವರೆಗೆ ಅರ್ಧ, ಆಮೇಲೆ ಪೂರ್ತಿ ಹೋಗುತ್ತಿತ್ತು. ನಾವು ಗುರುವಾರ ರಾತ್ರಿಯವರೆಗೆ ಎಳೆದಾಡಿದ್ದರೆ ನಮ್ಮ ಆಸೆಗೆ ಅವರು ದಂಡ ಕಟ್ಟುತ್ತಿದ್ದರು. ಸೋಮವಾರವೇ ನಿಲ್ಲಿಸಿದೆವು.

ನಿರ್ಧಾರವಾದ ಕೂಡಲೇ ಮಾಡಿದ ಮೊದಲ ಕೆಲಸ ನೋಂದಣಿ ಪುಟ ಮುಚ್ಚಿದ್ದು. ಪತ್ರ ಬರೆಯುತ್ತ ಕುಳಿತಾಗ ಏಳನೆಯವರು ದುಡ್ಡು ಕಟ್ಟಿಬಿಟ್ಟರೆ ಅವರಿಗೆ ರಸೀದಿಯ ಹಿಂದೆಯೇ ರದ್ದತಿ ತಲುಪುತ್ತದೆ. ಎರಡನೆಯ ಕೆಲಸ ಗೇಟ್‌ವೇ ಖಾತೆಯಲ್ಲಿ ಎಷ್ಟು ಹಣ ಉಳಿದಿದೆ ಎಂದು ನೋಡಿದ್ದು. ಮರುಪಾವತಿ ತಡವಾಗುವುದು ಹೆಚ್ಚಾಗಿ ಇಲ್ಲಿಯೇ. ಅಭ್ಯರ್ಥಿಗಳು ಕಟ್ಟಿದ ಹಣ ಒಂದೆರಡು ಕೆಲಸದ ದಿನಗಳಲ್ಲಿ ನಮ್ಮ ಬ್ಯಾಂಕಿಗೆ ಸೇರಿಬಿಟ್ಟಿರುತ್ತದೆ. ವಾಪಸ್ ಕೊಡುವಾಗ ಗೇಟ್‌ವೇ ಅದನ್ನು ನಮ್ಮ ಬ್ಯಾಂಕಿನಿಂದ ಎಳೆದುಕೊಳ್ಳುವುದಿಲ್ಲ, ತನ್ನಲ್ಲಿ ನಮ್ಮ ಹೆಸರಿನಲ್ಲಿ ಉಳಿದ ಬಾಕಿಯಿಂದ ಕೊಡುತ್ತದೆ. ಆ ಹೊತ್ತಿಗೆ ಅಲ್ಲಿದ್ದುದು ಕೊನೆಗೆ ನೋಂದಾಯಿಸಿದವರ ಹಣ ಮಾತ್ರ, ಅದೂ ಶುಲ್ಕ ಕಳೆದು. ಕೊಡಬೇಕಾದ್ದು ಹದಿನೈದು ಸಾವಿರ. ಬಾಕಿ ಸಾಲದಿದ್ದರೆ ಮರುಪಾವತಿಯ ಗುಂಡಿ ಒತ್ತಿದರೂ ಅದು ಸಾಲಿನಲ್ಲಿ ನಿಂತಿರುತ್ತದೆ ಅಥವಾ ತಿರಸ್ಕೃತವಾಗುತ್ತದೆ. ಇತ್ತ ಕಾಯುವವರು ಬ್ಯಾಂಕನ್ನು ಬೈಯುತ್ತಾರೆ. ಹಾಗಾಗಿ ಅಂದು ಸಂಜೆಯೇ ಗೇಟ್‌ವೇ ಕೊಟ್ಟಿದ್ದ ಖಾತೆ ಸಂಖ್ಯೆಗೆ ಐಎಂಪಿಎಸ್ ಮೂಲಕ ಹಣ ತುಂಬಿಸಿ, ಬಾಕಿ ಏರಿದ್ದನ್ನು ಕಣ್ಣಾರೆ ನೋಡಿದ ಮೇಲೆ ಪತ್ರಕ್ಕೆ ಕೈ ಹಾಕಿದೆ.

ಇನ್ನು ದಿನಾಂಕ. ‘5ರಿಂದ 7 ಕೆಲಸದ ದಿನಗಳಲ್ಲಿ’ ಎಂದು ಗೇಟ್‌ವೇಯವರು ನಮಗೆ ಹೇಳುತ್ತಾರೆ. ಎಲ್ಲರೂ ಅದನ್ನೇ ಎತ್ತಿ ಅಂಟಿಸುತ್ತಾರೆ. ಓದುವವರು ಬೆರಳು ಮಡಚಿ ಎಣಿಸಿ, ಏಳನೆಯ ದಿನ ಫೋನ್ ಮಾಡುತ್ತಾರೆ. ಎಣಿಸುವ ಕೆಲಸ ನಮ್ಮದಾಗಬೇಕು. ಮಂಗಳವಾರ 12ಕ್ಕೆ ಹಣ ಹೊರಟರೆ 13, 14 ಕೆಲಸದ ದಿನಗಳು. 15 ಗುರುನಾನಕ್ ಜಯಂತಿ. ಬೆಂಗಳೂರಿನಲ್ಲಿ ಬ್ಯಾಂಕ್ ತೆರೆದಿದ್ದರೂ ಹಲವು ಬ್ಯಾಂಕುಗಳ ಮುಖ್ಯ ಕಚೇರಿ ಇರುವ ಮುಂಬೈಯಲ್ಲಿ ರಜೆ. 16 ಮೂರನೆಯ ಶನಿವಾರ, ಬ್ಯಾಂಕ್ ಉಂಟು. 17 ಭಾನುವಾರ. 18 ಕನಕದಾಸ ಜಯಂತಿ, ಇಲ್ಲಿ ರಜೆ. 19 ಸರಿ. 20ರಂದು ಮಹಾರಾಷ್ಟ್ರದಲ್ಲಿ ವಿಧಾನಸಭಾ ಚುನಾವಣೆಯ ಮತದಾನ, ಮತ್ತೆ ಮುಂಬೈ ರಜೆ. 21, 22 ಸರಿ. 23 ನಾಲ್ಕನೆಯ ಶನಿವಾರ, ಬ್ಯಾಂಕ್ ಇಲ್ಲ, 24 ಭಾನುವಾರ. ಹಣ ಯಾರ ಬ್ಯಾಂಕಿನ ಯಾವ ಊರಿನ ಕಚೇರಿ ದಾಟಿ ಬರುತ್ತದೋ ನಮಗೆ ತಿಳಿಯದು. ಆದ್ದರಿಂದ ಎರಡೂ ಊರಿನ ರಜೆ ಬಿಟ್ಟು ಎಣಿಸಿದೆ. ಏಳನೆಯ ದಿನ ಬಂದದ್ದು 25, ಸೋಮವಾರ. ಪತ್ರದಲ್ಲಿ ಆ ಒಂದೇ ದಿನಾಂಕ ಬರೆದೆ. ಬೇಗ ಬಂದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಕಳುಹಿಸಿದ ಪತ್ರ ಇದು:

> ವಿಷಯ: ನವೆಂಬರ್ 17ರ ಪುಸ್ತಕ ಬೈಂಡಿಂಗ್ ಕಾರ್ಯಾಗಾರ ರದ್ದು, ನಿಮ್ಮ ಹಣ ಪೂರ್ತಿ ವಾಪಸ್
>
> ನಮಸ್ಕಾರ. ನವೆಂಬರ್ 17, ಭಾನುವಾರ ಬಸವನಗುಡಿಯಲ್ಲಿ ನಡೆಯಬೇಕಿದ್ದ ಪುಸ್ತಕ ಬೈಂಡಿಂಗ್ ಕಾರ್ಯಾಗಾರವನ್ನು ರದ್ದು ಮಾಡಿದ್ದೇವೆ. ದಯವಿಟ್ಟು ಅಂದು ಬರಬೇಡಿ. ನಡೆಸಲು ಕನಿಷ್ಠ ಹತ್ತು ಮಂದಿ ಬೇಕಿತ್ತು, ಇಂದು ಸಂಜೆಯವರೆಗೆ ಆರು ಮಂದಿ ಮಾತ್ರ ನೋಂದಾಯಿಸಿದ್ದಾರೆ. ನಿಮ್ಮ ದಿನವನ್ನು ಇದಕ್ಕಾಗಿ ಮೀಸಲಿಟ್ಟಿದ್ದಿರಿ, ಕ್ಷಮೆ ಇರಲಿ.
>
> ನೀವು ಕಟ್ಟಿದ ಹಣವನ್ನು ಯಾವ ಕಡಿತವೂ ಇಲ್ಲದೆ ನವೆಂಬರ್ 12, ಮಂಗಳವಾರ ಮಧ್ಯಾಹ್ನ 2 ಗಂಟೆಯೊಳಗೆ ವಾಪಸ್ ಕಳುಹಿಸುತ್ತೇವೆ. ನಡುವೆ ಬ್ಯಾಂಕ್ ರಜೆಗಳಿವೆ; ನವೆಂಬರ್ 25, ಸೋಮವಾರದೊಳಗೆ ಅದು ನಿಮಗೆ ಜಮೆಯಾಗಬೇಕು. ಯಾವ ಖಾತೆಯಿಂದ ಅಥವಾ ಕಾರ್ಡಿನಿಂದ ಹಣ ಕಟ್ಟಲಾಗಿತ್ತೋ ಅದಕ್ಕೇ ಹೋಗುತ್ತದೆ. ಕ್ರೆಡಿಟ್ ಕಾರ್ಡ್ ಆಗಿದ್ದರೆ ಕಾರ್ಡಿನ ಲೆಕ್ಕದಲ್ಲಿ ಜಮೆ ಕಾಣುತ್ತದೆ, ಬ್ಯಾಂಕ್ ಖಾತೆಯಲ್ಲಿ ಅಲ್ಲ.
>
> ಇದಕ್ಕಾಗಿ ನೀವು ಏನೂ ಮಾಡಬೇಕಿಲ್ಲ. ನಾವು ಯಾರೂ ಕರೆ ಮಾಡಿ ಒಟಿಪಿ, ಯುಪಿಐ ಪಿನ್ ಕೇಳುವುದಿಲ್ಲ. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ.
>
> 25ರ ಸಂಜೆಗೂ ಹಣ ಕಾಣದಿದ್ದರೆ ಇದೇ ಪತ್ರಕ್ಕೆ ಉತ್ತರಿಸಿ. ನಿಮ್ಮ ಬ್ಯಾಂಕಿನವರು ಹುಡುಕಲು ಬೇಕಾದ ಉಲ್ಲೇಖ ಸಂಖ್ಯೆ ಕಳುಹಿಸುತ್ತೇವೆ.

‘ಅನಿವಾರ್ಯ ಕಾರಣಗಳಿಂದ’ ಎಂದು ಬರೆಯಲಿಲ್ಲ. ಮೇಷ್ಟ್ರಿಗೆ ಹುಷಾರಿಲ್ಲವೇ, ಸಭಾಂಗಣ ತಪ್ಪಿಹೋಯಿತೇ ಎಂಬ ಕರೆಗಳು ಬರುವುದು ಆ ಎರಡು ಪದಗಳಿಂದಲೇ. ‘ಮುಂದೂಡಲಾಗಿದೆ’ ಎಂದೂ ಬರೆಯಲಿಲ್ಲ. ಹೊಸ ದಿನಾಂಕ ಕೈಯಲ್ಲಿ ಇರಲಿಲ್ಲ, ಇಲ್ಲದ ದಿನಾಂಕದ ಹೆಸರಿನಲ್ಲಿ ಜನರ ಹಣ ಇಟ್ಟುಕೊಳ್ಳುವುದು ನನಗೆ ಒಗ್ಗುವುದಿಲ್ಲ. ಗೇಟ್‌ವೇ ಹಿಡಿದ ತಲಾ 59 ರೂಪಾಯಿ, ಒಟ್ಟು 354, ನಮಗೆ ವಾಪಸ್ ಬರುವುದಿಲ್ಲ. ಅದನ್ನು ಅಭ್ಯರ್ಥಿಗಳ ಹಣದಲ್ಲಿ ಮುರಿದುಕೊಳ್ಳುವ ಸಂಘಟಕರು ಉಂಟು. ಅಭ್ಯರ್ಥಿಯೇ ಹಿಂದೆ ಸರಿದರೆ ಅದು ನ್ಯಾಯ. ನಾವೇ ರದ್ದು ಮಾಡಿದಾಗ ಅಲ್ಲ. ಜಿಎಸ್‌ಟಿ ನೋಂದಣಿ ಇರುವವರು ಮುಂಗಡಕ್ಕೆ ರಸೀದಿ ವೋಚರ್ ಕೊಟ್ಟಿದ್ದರೆ ಈಗ ಮರುಪಾವತಿ ವೋಚರ್ ಕೊಡಬೇಕಾಗುತ್ತದೆ. ನಮ್ಮ ವಹಿವಾಟು ಅಷ್ಟು ದೊಡ್ಡದಲ್ಲ.

ಪತ್ರ ಮೊದಲು, ಗುಂಡಿ ಆಮೇಲೆ ಎಂಬ ಕ್ರಮಕ್ಕೂ ಕಾರಣವಿದೆ. ಮರುಪಾವತಿ ಒತ್ತಿದ ಕ್ಷಣ ಗೇಟ್‌ವೇಯಿಂದ ತಾನಾಗಿಯೇ ಒಂದು ಇಂಗ್ಲಿಷ್ ಮೇಲ್ ಹೋಗುತ್ತದೆ. ನಮ್ಮ ಪತ್ರಕ್ಕಿಂತ ಅದು ಮುಂಚೆ ತಲುಪಿದರೆ, ತಮ್ಮ ಸೀಟು ಮಾತ್ರ ರದ್ದಾಗಿದೆ ಎಂದು ಓದಿದವರು ಗಾಬರಿಯಾಗುತ್ತಾರೆ. ಪತ್ರ ಸೋಮವಾರ ರಾತ್ರಿ ಎಂಟಕ್ಕೆ ಹೋಯಿತು, ವಾಟ್ಸ್‌ಆ್ಯಪ್‌ನಲ್ಲೂ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ. ಹುಬ್ಬಳ್ಳಿಯವರಿಗೆ ಮಾತ್ರ ಫೋನ್ ಮಾಡಿ, ಟಿಕೆಟ್ ಗುರುವಾರದೊಳಗೆ ರದ್ದು ಮಾಡಿಸಿ ಎಂದು ನೆನಪಿಸಿದೆ. ಮಂಗಳವಾರ ಬೆಳಿಗ್ಗೆ ಐದು ಪಾವತಿಗಳನ್ನೂ ಒಂದೊಂದಾಗಿ ತೆರೆದು, ಮೊತ್ತ ನೋಡಿ ಒತ್ತಿದೆ.

ಆರು ಜನರಿಗೆ ಐದು ಪಾವತಿ ಏಕೆಂದರೆ ಒಬ್ಬ ಮಗಳು ತಾಯಿಗೂ ಸೇರಿಸಿ ಐದು ಸಾವಿರ ಕಟ್ಟಿದ್ದಳು. ಗುರುವಾರ ಆ ತಾಯಿಯ ಕರೆ ಬಂತು. “ಏನಪ್ಪಾ, ಎಲ್ಲರಿಗೂ ಬಂದಿದೆಯಂತೆ, ನನ್ನ ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲವಲ್ಲ.” ಕಟ್ಟಿದ ಖಾತೆಗೇ ಹೋಗುತ್ತದೆ ಎಂದು ಪತ್ರದಲ್ಲಿತ್ತು ನಿಜ, ಆದರೆ ಕಟ್ಟಿದ್ದು ಯಾರು ಎಂಬುದು ಅವರ ತಲೆಯಲ್ಲಿ ಇರಲಿಲ್ಲ. “ಅಮ್ಮಾ, ನಿಮ್ಮ ಮಗಳ ಖಾತೆಗೆ ಎರಡೂ ಸೇರಿ ಬಂದಿದೆ, ಕೇಳಿ ನೋಡಿ” ಎಂದೆ. “ಹಾಗಾದರೆ ಅದು ನನಗೆ ಬರುವುದಿಲ್ಲ ಬಿಡು” ಎಂದು ನಕ್ಕು ಇಟ್ಟುಬಿಟ್ಟರು.

ಯುಪಿಐ ಮೂಲಕ ಕಟ್ಟಿದವರಿಗೆ ಮರುದಿನವೇ ಹಣ ಬಂದಿತ್ತು. ಡೆಬಿಟ್ ಕಾರ್ಡಿನವರಿಗೆ ಶನಿವಾರ. ಕ್ರೆಡಿಟ್ ಕಾರ್ಡಿನವರು ಮಾತ್ರ 21ರಂದು ಸಂದೇಶ ಕಳುಹಿಸಿದರು: ನಿಮ್ಮ ಕಡೆ ಆಯಿತು ಎಂದು ತೋರಿಸುತ್ತಿದೆ, ನನ್ನ ಕಡೆ ಇಲ್ಲ. ನಮ್ಮ ಪರದೆಯ ಮೇಲೆ Processed ಎಂದು ಕಂಡರೆ ಗೇಟ್‌ವೇ ಕಳುಹಿಸಿದೆ ಎಂದಷ್ಟೇ ಅರ್ಥ. ಕಾರ್ಡ್ ಕೊಟ್ಟ ಬ್ಯಾಂಕ್ ಜಮೆ ಮಾಡಿದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಅಂಥಲ್ಲಿ ಬೇಕಾಗುವುದು ಬ್ಯಾಂಕಿನವರು ಕಾರ್ಡ್ ವಹಿವಾಟನ್ನು ಹುಡುಕಲು ಬಳಸುವ ಎಆರ್‌ಎನ್ ಎಂಬ ಉದ್ದನೆಯ ಸಂಖ್ಯೆ. ಯುಪಿಐ ಆದರೆ ಆರ್‌ಆರ್‌ಎನ್. ಅದು ಗೇಟ್‌ವೇಯಲ್ಲಿ ಆ ಮರುಪಾವತಿಯ ವಿವರದೊಳಗೆ ಇರುತ್ತದೆ, ಕೆಲವೊಮ್ಮೆ ಒಂದೆರಡು ದಿನ ತಡವಾಗಿ ಮೂಡುತ್ತದೆ. ಗೇಟ್‌ವೇಯ ಸ್ವಂತ ಉಲ್ಲೇಖ ಸಂಖ್ಯೆ ಹೇಳಿದರೆ ಬ್ಯಾಂಕಿನವರಿಗೆ ಏನೂ ಸಿಗುವುದಿಲ್ಲ. ಎಆರ್‌ಎನ್ ಕಳುಹಿಸಿ, 25ರವರೆಗೆ ನೋಡಿ, ಬರದಿದ್ದರೆ ಕಾರ್ಡಿನ ಸಹಾಯವಾಣಿಗೆ ಈ ಸಂಖ್ಯೆ ಓದಿ ಎಂದು ಬರೆದೆ. 22ರ ಸಂಜೆ ಜಮೆಯಾಯಿತು ಎಂದು ಅವರೇ ತಿಳಿಸಿದರು.

ನಮಗೆ ಆದ ನಷ್ಟ: ಸಭಾಂಗಣದ ಅರ್ಧ ಬಾಡಿಗೆ ಮೂರು ಸಾವಿರ, ಗೇಟ್‌ವೇಯ 354, ಬೇರೆ ಕೆಲಸ ಬಿಟ್ಟಿದ್ದಕ್ಕೆ ಮೇಷ್ಟ್ರಿಗೆ ಒಪ್ಪಿಸಿ ಕೊಟ್ಟ ಎರಡು ಸಾವಿರ. ಅವೆನ್ಯೂ ರಸ್ತೆಯಿಂದ ತಂದ ರಟ್ಟನ್ನು ಕತ್ತರಿಸಿರಲಿಲ್ಲ. ಕನಿಷ್ಠ ಸಂಖ್ಯೆ ಮುಟ್ಟುವವರೆಗೆ ಅಳತೆಗೆ ಕತ್ತರಿಸಬೇಡಿ ಎಂದು ಮೇಷ್ಟ್ರೇ ಹೇಳಿದ್ದರು. ಮುಂದಿನ ನೋಂದಣಿ ಪುಟದಲ್ಲಿ ಶುಲ್ಕದ ಕೆಳಗೆ ಎರಡು ಸಾಲು ಸೇರಿಸಿದ್ದೇವೆ: ನಡೆಯುತ್ತದೋ ಇಲ್ಲವೋ ಎಂದು ತಿಳಿಸುವ ದಿನಾಂಕ, ಮತ್ತು ಅದಕ್ಕೆ ಮುಂಚೆ ರೈಲಿನ ಟಿಕೆಟ್ ಮಾಡಿಸಬೇಡಿ ಎಂಬ ಸೂಚನೆ.